ಐದು ದಿನ ಅಂತ ಬರೆದೆ, ಒಂಬತ್ತು ದಿನ ಆಯ್ತು

ಸೋಮವಾರಪೇಟೆ ಕಡೆ ಹಲ್ಲಿನ ಕ್ಲಿನಿಕ್ ನಡೆಸುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರಸಂತೆ ಹತ್ತಿರದ ಒಬ್ಬ ರಿಟೈರ್ಡ್ ಮೇಷ್ಟ್ರು, 72 ವಯಸ್ಸು. ಒಂದು ಸೋಮವಾರ ಬಂದರು. ಎಡಗಡೆ ಕೆಳಗಿನ ಎರಡು ದವಡೆ ಹಲ್ಲು, ನಮ್ಮ ದಂತವೈದ್ಯರ ಲೆಕ್ಕದಲ್ಲಿ 36 ಮತ್ತು 37, ಪೂರ್ತಿ ಹುಳುಕಾಗಿತ್ತು. ಎರಡನ್ನೂ ಕೀಳಬೇಕಿತ್ತು. ಹೃದಯದ ಬಡಿತ ತಾಳ ತಪ್ಪುತ್ತೆ ಅಂತ ಮೈಸೂರಿನ ಡಾಕ್ಟರ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್ 5 ಎಂಜಿ, ಬೆಳಿಗ್ಗೆ ಒಂದು ರಾತ್ರಿ ಒಂದು, ಕೊಟ್ಟಿದ್ದರು. ನಾನು ಚೀಟಿಯಲ್ಲಿ ಎರಡೇ ಸಾಲು ಬರೆದೆ. ಬ್ಲಡ್ ಥಿನ್ನರ್ 5 ದಿನ ಮುಂಚೆ ನಿಲ್ಲಿಸಿ. ಕಾರ್ಡಿಯಾಕ್ ಫಿಟ್‌ನೆಸ್ ತನ್ನಿ. ವಾರ್ಫರಿನ್ ಅನ್ನುವ ಹಳೆಯ ಬ್ಲಡ್ ಥಿನ್ನರ್ ಕಾಲದಲ್ಲಿ ಕೈಗೆ ಅಂಟಿದ ಅಭ್ಯಾಸ ಅದು, ಯೋಚನೆ ಮಾಡಿ ಬರೆದದ್ದಲ್ಲ. ಶನಿವಾರಕ್ಕೆ ದಿನ ಕೊಟ್ಟೆ.

ಮಗ ಮೈಸೂರಿಗೆ ಫೋನ್ ಮಾಡಿದನಂತೆ. ಅಲ್ಲಿನ ಅಸಿಸ್ಟೆಂಟ್ "ಹಲ್ಲಿನ ಡಾಕ್ಟರ್ ಹೇಳಿದ್ರೆ ಹಾಗೇ ಮಾಡಿ" ಅಂದರಂತೆ. ಅಂದರೆ ನಾನು ಅವರು ನೋಡಿಕೊಳ್ಳುತ್ತಾರೆ ಅಂದುಕೊಂಡೆ, ಅವರು ನನ್ನ ಮೇಲೆ ಬಿಟ್ಟರು, ಮೇಷ್ಟ್ರು ಸೋಮವಾರ ರಾತ್ರಿಯ ಮಾತ್ರೆ ತೆಗೆದುಕೊಂಡು ನಿಲ್ಲಿಸಿಬಿಟ್ಟರು. ನಿಜವಾಗಿ ತೀರ್ಮಾನ ಮಾಡಿದವರು ಯಾರೂ ಇಲ್ಲ.

ಶನಿವಾರ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಇನ್ವರ್ಟರ್‌ನಲ್ಲಿ ಕಂಪ್ರೆಸರ್ ಓಡುವುದಿಲ್ಲ, ಕಂಪ್ರೆಸರ್ ಇಲ್ಲದೆ ಹಲ್ಲು ಕೊರೆಯುವ ಏರೋಟರ್ ಇಲ್ಲ. ಜನರೇಟರ್ ತರಿಸಿ ಅಂತ ಕಟ್ಟಡದ ಮಾಲೀಕರಿಗೆ ಎರಡು ಮಳೆಗಾಲದಿಂದ ಹೇಳುತ್ತಾ ಇದ್ದೇನೆ. ರಿಸೆಪ್ಷನ್ ಹುಡುಗಿ ಎಲ್ಲರಿಗೂ ಫೋನ್ ಮಾಡಿ ಬುಧವಾರ ಬನ್ನಿ ಅಂದಳು. ಮೇಷ್ಟ್ರಿಗೂ ಅಂದಳು. ಅಲ್ಲಿವರೆಗೆ ಮಾತ್ರೆ ಶುರು ಮಾಡಿ ಅಂತ ಯಾರೂ ಹೇಳಲಿಲ್ಲ. ಅವಳಿಗೆ ಗೊತ್ತಿರಬೇಕಾದ ವಿಷಯವೂ ಅಲ್ಲ ಅದು, ನನ್ನ ಕೆಲಸ.

ಬುಧವಾರ 11:20ಕ್ಕೆ ಎಡಗಡೆ ದವಡೆ ಮರಗಟ್ಟಿಸುವ ಇಂಜೆಕ್ಷನ್, ಅಂದರೆ ಬ್ಲಾಕ್, ಕೊಟ್ಟೆ. ಐದಾರು ನಿಮಿಷ ಬಿಟ್ಟು "ತುಟಿ ಮರಗಟ್ಟಿತಾ ಮೇಷ್ಟ್ರೇ?" ಅಂದೆ. ಏನೋ ಹೇಳಿದರು, ಮಾತು ತೊದಲಿತು. ಮರಗಟ್ಟಿದೆ, ಅದಕ್ಕೇ ತೊದಲು ಅಂದುಕೊಂಡೆ. ಸಿಸ್ಟರ್ ಬಾಯಿ ಮುಕ್ಕಳಿಸಲು ನೀರಿನ ಲೋಟ ಕೊಟ್ಟರು. ಬಲಗೈಯಲ್ಲಿ ಹಿಡಿದರು, ಲೋಟ ಜಾರಿ ಏಪ್ರನ್ ಮೇಲೆ ಬಿತ್ತು. ಪರವಾಗಿಲ್ಲ ಬಿಡಿ ಅಂತ ನಾನೇ ಒರೆಸಿದೆ. ಮೊಬೈಲ್ ಲೈಟಿನ ಹಾಗೆ ಕಣ್ಣ ಮುಂದೆ ಇದ್ದದ್ದು ನನಗೆ ಕಾಣಲಿಲ್ಲ.

ಇನ್ನೊಂದು ಲೋಟ ಕೊಟ್ಟಾಗ ಬಲಗೈ ತೊಡೆ ಮೇಲಿಂದ ಏಳಲೇ ಇಲ್ಲ. ಆಗ ಮುಖ ನೋಡಿದೆ. ಬಾಯಿಯ ಬಲ ಮೂಲೆ ಇಳಿದಿತ್ತು. ನಾನು ಸೂಜಿ ಹಾಕಿದ್ದು ಎಡಕ್ಕೆ.

ಬ್ಲಾಕ್ ಕೊಟ್ಟಾಗ ಮದ್ದು ಹಿಂದಕ್ಕೆ, ಪರೋಟಿಡ್ ಗ್ರಂಥಿಯ ಕಡೆ ಹೋದರೆ ಮುಖ ಸೊಟ್ಟ ಆಗಬಹುದು, ಅದು ನಮಗೆಲ್ಲ ಗೊತ್ತು. ಆದರೆ ಅದು ಸೂಜಿ ಹಾಕಿದ ಕಡೆಯೇ ಆಗುತ್ತೆ. ಆ ಕಡೆ ಕಣ್ಣು ಮುಚ್ಚಲು ಬರುವುದಿಲ್ಲ, ಹುಬ್ಬು ಏರುವುದಿಲ್ಲ, ಕೈಗೆ ಏನೂ ಆಗುವುದಿಲ್ಲ. ಮೇಷ್ಟ್ರಿಗೆ ಹುಬ್ಬು ಎತ್ತಿ ಅಂದೆ, ಎರಡೂ ಎದ್ದವು. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದರು. ಬಾಯಿ ಮಾತ್ರ ಸೊಟ್ಟ, ಕೈ ಬಿದ್ದಿದೆ, ಮಾತು ತೊದಲು. ಇದು ಮಿದುಳಿನದೇ. ಗಡಿಯಾರ ನೋಡಿದರೆ 11:31. ನಾಲ್ಕೈದು ನಿಮಿಷ ಸುಮ್ನೆ ಕಳೆದಿದ್ದೆ.

ಕುರ್ಚಿ ಮಲಗಿಸಿದೆವು. ಬಿಪಿ ನೋಡಿದೆ, ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿದೆ, ಕಡಿಮೆ ಇರಲಿಲ್ಲ. ಬಾಯಿಗೆ ನೀರು, ಮಾತ್ರೆ ಏನೂ ಕೊಡಲಿಲ್ಲ. ಆಸ್ಪಿರಿನ್ ಕೂಡ ಇಲ್ಲ, ಸ್ಕ್ಯಾನ್ ಆಗದೆ ರಕ್ತನಾಳ ಒಡೆದಿದೆಯೋ ಕಟ್ಟಿದೆಯೋ ಗೊತ್ತಾಗುವುದಿಲ್ಲ. ಮಗನ ಗಾಡಿಯಲ್ಲೇ ಮಡಿಕೇರಿಗೆ ಕಳಿಸಿದೆ. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಶುರುವಾದ ಸಮಯ ಹೇಳಿದೆ, ಯಾಕೆಂದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಮಾತ್ರ. ಅಲ್ಲಿನ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಕೊನೇ ಅಪಿಕ್ಸಬಾನ್ ಯಾವಾಗ?" ಐದು ದಿನ ಅಂತ ಹೇಳಲು ಹೋದೆ. ಬೆರಳು ಮಡಚಿ ಎಣಿಸಿದರೆ ಒಂಬತ್ತನೇ ದಿನ.

ದಾರಿಯಲ್ಲೇ ಮಾತು ಬಂತು, ಕೈ ಬಂತು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಟಿಐಎ, ಅಂದರೆ ಸ್ವಲ್ಪ ಹೊತ್ತು ಬಂದು ತಾನೇ ಸರಿಹೋಗುವ ಸ್ಟ್ರೋಕ್ ಲಕ್ಷಣ, ಅಂದರು, ಮಾತ್ರೆ ಮತ್ತೆ ಶುರು ಮಾಡಿದರು. ಮಾತ್ರೆ ಬಿಟ್ಟದ್ದಕ್ಕೇ ಆಯ್ತು ಅಂತ ಒಬ್ಬರ ವಿಷಯದಲ್ಲಿ ಖಚಿತವಾಗಿ ಹೇಳಲು ಆಗದು. ಆದರೆ ಅಪಿಕ್ಸಬಾನ್ ಮೈಯಲ್ಲಿ ಅರ್ಧ ಆಗಲು ಹನ್ನೆರಡು ಗಂಟೆ ಸಾಕು, ಎರಡು ಮೂರು ದಿನಕ್ಕೆ ಹೆಚ್ಚೂಕಡಿಮೆ ಖಾಲಿ. ಹಾಗಾಗಿ ಸುಮಾರು ಒಂದು ವಾರ ಅವರಿಗೆ ಯಾವ ರಕ್ಷಣೆಯೂ ಇರಲಿಲ್ಲ. ಹೀಗೆ ಮಧ್ಯೆ ಬಿಟ್ಟರೆ ಸ್ಟ್ರೋಕ್ ಅಪಾಯ ಜಾಸ್ತಿ ಅಂತ ಔಷಧಿಯ ಮಾಹಿತಿ ಹಾಳೆಯಲ್ಲೇ ಇದೆ.

ಮೈಸೂರಿನ ಡಾಕ್ಟರ್ ಜೊತೆ ಕೊನೆಗೆ ನಾನೇ ಮಾತಾಡಿದೆ. "ಎರಡು ಹಲ್ಲಿಗೆ ನಿಲ್ಲಿಸಿ ಅಂದವರು ಯಾರು ಡಾಕ್ಟ್ರೇ?" ಅಂದರು. ನಾನೇ ಸಾರ್ ಅಂದೆ. ಸ್ಕಾಟ್ಲೆಂಡಿನ ದಂತ ಮಾರ್ಗಸೂಚಿ 2015ರಲ್ಲೇ ಬಂದಿದೆ, 2022ರಲ್ಲಿ ಪರಿಷ್ಕರಣೆ ಆಗಿದೆ. ಒಂದರಿಂದ ಮೂರು ಹಲ್ಲು ಸುಲಭವಾಗಿ ಕೀಳುವುದಾದರೆ ಮಾತ್ರೆ ನಿಲ್ಲಿಸಬೇಡಿ ಅನ್ನುತ್ತೆ ಅದು. ಅದಕ್ಕಿಂತ ಜಾಸ್ತಿ ಹಲ್ಲು, ಅಥವಾ ವಸಡು ಬಿಡಿಸಿ ಮಾಡುವ ಕೆಲಸ, ಅಂದರೆ ಫ್ಲಾಪ್, ಇದ್ದರೆ ಅಪಿಕ್ಸಬಾನ್‌ನ ಆ ದಿನ ಬೆಳಗಿನ ಒಂದು ಡೋಸ್ ಬಿಡಿ, ರಕ್ತ ನಿಂತು ಕನಿಷ್ಠ ನಾಲ್ಕು ಗಂಟೆ ಆದ ಮೇಲೆ ಸಂಜೆಯದನ್ನು ಎಂದಿನಂತೆ ಕೊಡಿ. ಒಂದು ಡೋಸ್. ನಾನು ಬಿಡಿಸಿದ್ದು ಹದಿನೇಳು.

ಯಾರು ತೀರ್ಮಾನ ಮಾಡಬೇಕು ಅನ್ನುವುದರ ಬಗ್ಗೆ ನನ್ನ ಅಭಿಪ್ರಾಯ ಈಗ ಗಟ್ಟಿ ಆಗಿದೆ. ಎಷ್ಟು ರಕ್ತ ಬರುತ್ತೆ ಅಂತ ಗೊತ್ತಿರುವುದು ನನಗೆ. ಮಾತ್ರೆ ಯಾಕೆ ಕೊಟ್ಟರು, ಮೊದಲು ಸ್ಟ್ರೋಕ್ ಆಗಿದೆಯಾ, ಕಿಡ್ನಿ ಹೇಗಿದೆ ಅಂತ ಗೊತ್ತಿರುವುದು ಬರೆದುಕೊಟ್ಟವರಿಗೆ. ಹಾಗಾಗಿ ಡೋಸ್ ಬಿಡುವ ಮಾತು ಬಂದರೆ ಕೊನೆಯ ಮಾತು ಅವರದು, ಆದರೆ ಸರಿಯಾದ ಪ್ರಶ್ನೆ ಕೇಳಬೇಕಾದವಳು ನಾನು. ಫಿಟ್‌ನೆಸ್ ಕೊಡಿ ಅನ್ನುವುದು ಪ್ರಶ್ನೆಯೇ ಅಲ್ಲ. ಈಗ ಹೀಗೆ ಬರೆಯುತ್ತೇನೆ: "ಎರಡು ಹಲ್ಲು, ಫ್ಲಾಪ್ ಇಲ್ಲ, ಮಂಗಳವಾರ ಬೆಳಿಗ್ಗೆ 9:30. ಅಪಿಕ್ಸಬಾನ್ ನಿಲ್ಲಿಸದೆ ಮಾಡುವ ಯೋಚನೆ ಇದೆ. ಒಪ್ಪಿಗೆಯೇ?" ಉತ್ತರ ಬರಹದಲ್ಲೇ ಬೇಕು, ಅಸಿಸ್ಟೆಂಟ್ ಬಾಯಿಮಾತು ಸಾಲದು. ದೊಡ್ಡ ಆಪರೇಷನ್ ವಿಷಯ ಬೇರೆ, ಅಲ್ಲಿ ಒಂದು ದಿನವೋ ಎರಡು ದಿನವೋ ಅಂತ ಸರ್ಜನ್ ಮತ್ತು ಫಿಸಿಷಿಯನ್ ಕೂತು ಹೇಳಬೇಕು.

ಕೆಲವು ವಾರ ಬಿಟ್ಟು, ಮೈಸೂರಿನ ಡಾಕ್ಟರ್ ಬರೆದು ಒಪ್ಪಿದ ಮೇಲೆ, ಜಾಸ್ತಿ ನೋಯುತ್ತಿದ್ದ 36 ಒಂದನ್ನೇ ಕಿತ್ತೆ. ಮೇಷ್ಟ್ರು ಬೆಳಗಿನ ಮಾತ್ರೆ ತೆಗೆದುಕೊಂಡೇ ಬಂದಿದ್ದರು. ಸಾಕೆಟ್‌ಗೆ ಜೆಲಾಟಿನ್ ಸ್ಪಾಂಜ್ ಹಾಕಿ ಎರಡು ಹೊಲಿಗೆ ಹಾಕಿದೆ, ಗಾಜ್ ಕಚ್ಚಿಸಿ ಕೂರಿಸಿದೆ. ಬೇರೆಯವರಿಗಿಂತ ಇಪ್ಪತ್ತು ನಿಮಿಷ ಜಾಸ್ತಿ ಜಿನುಗಿತು, ಆಮೇಲೆ ನಿಂತಿತು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಬ್ರೂಫೆನ್ ಬೇಡವೇ ಬೇಡ ಅಂತ ಮಗನಿಗೂ ಹೇಳಿದೆ.

ಚೀಟಿಯ ಕೆಳಗೆ ಈಗ ಒಂದು ಸಾಲು ಅಚ್ಚು ಹಾಕಿಸಿದ್ದೇನೆ: ದಿನ ಮುಂದೆ ಹೋದರೆ ಮಾತ್ರೆ ಎಂದಿನಂತೆ ಮುಂದುವರಿಸಿ, ನಮಗೆ ಫೋನ್ ಮಾಡಿ. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಇಂಥವರ ಹೆಸರಿನ ಪಕ್ಕ ಕೆಂಪು ಗೆರೆ ಇರುತ್ತೆ. ಮೊನ್ನೆ ಮತ್ತೆ ಕರೆಂಟ್ ಹೋಯ್ತು. ಹುಡುಗಿ ಪುಸ್ತಕ ಹಿಡಿದು ಒಳಗೆ ಬಂದು, "ಮೇಡಂ, ಕೆಂಪು ಗೆರೆ ಇಬ್ಬರಿದ್ದಾರೆ, ಫೋನ್ ನೀವೇ ಮಾಡ್ತೀರಾ?" ಅಂದಳು. ನಾನೇ ಮಾಡಿದೆ. ಮೇಷ್ಟ್ರ 37 ಇನ್ನೂ ಬಾಕಿ ಇದೆ, ಕಾಫಿ ಕೊಯ್ಲು ಮುಗಿದ ಮೇಲೆ ಬರುತ್ತಾರಂತೆ.