ಕೆರೆ ಮಧ್ಯೆ ನಿಂತ ಹಿಟಾಚಿ

ಕೆರೆ ಹೂಳು ತೆಗೆಯೋ ಪ್ರಪೋಸಲ್‌ಗಳನ್ನು ಬರೆಯೋದು ನನ್ನ ಕೆಲಸ. ಎರಡು ವರ್ಷದ ಹಿಂದೆ ಬರೆದ ಒಂದು ಪ್ರಪೋಸಲ್ ಈಗಲೂ ಮನಸ್ಸಿಗೆ ಚುಚ್ಚುತ್ತದೆ. ದಾನಿ ಒಂದು ಕಂಪನಿ, ಸಮಾಜದ ಕೆಲಸಕ್ಕೆ ಅಂತ ಅವರು ತೆಗೆದಿಡೋ ಸಿಎಸ್ಆರ್ ಹಣ. ಒಟ್ಟು 10 ಲಕ್ಷ, ಮೂರು ಕಂತು: 4, 4, 2. ಷರತ್ತುಗಳನ್ನು ಬರೆದವನು ನಾನೇ.

ಎರಡನೇ ಕಂತಿಗೆ ಹೀಗೆ ಬರೆದಿದ್ದೆ: 10,000 ಘನ ಮೀಟರ್ ಹೂಳು ತೆಗೆದಿರಬೇಕು, ಮೊದಲ ಕಂತು ಪೂರ್ತಿ ಖರ್ಚಾಗಿ ಸಿಎ ಸಹಿ ಮಾಡಿದ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ ಇರಬೇಕು, ಕೆಲಸ ತೃಪ್ತಿಕರ ಅಂತ ಪಂಚಾಯಿತಿ ಪತ್ರ ಕೊಡಬೇಕು. ಮೂರನೇ ಕಂತಿಗೆ ಕೆರೆ ತುಂಬಿರಬೇಕು. ಓದಿದವರೆಲ್ಲ ಚೆನ್ನಾಗಿದೆ ಅಂದರು. ಷರತ್ತು ಬಿಗಿಯಾಗಿದ್ದಷ್ಟೂ ದಾನಿಗೆ ನಂಬಿಕೆ ಜಾಸ್ತಿ ಅಂತ ನಾನೂ ಅಂದುಕೊಂಡಿದ್ದೆ.

ಏಪ್ರಿಲ್ 18ಕ್ಕೆ 10,000 ಮುಗಿಯಿತು. ಅದೇ ದಿನ ಖಾತೆಯೂ ಖಾಲಿ. ಹಣ ಪೂರ್ತಿ ಖರ್ಚಾದ ಮೇಲೆ ಮುಂದಿನದನ್ನು ಕೇಳಬೇಕು ಅಂತ ನಾನೇ ಬರೆದಿದ್ದೆನಲ್ಲ. ಅದು ಬರೋವರೆಗೆ ಮಷಿನ್ ಯಾವ ದುಡ್ಡಲ್ಲಿ ಓಡಬೇಕು ಅನ್ನೋದು ತಲೆಗೇ ಬಂದಿರಲಿಲ್ಲ.

ಸಿಎ ಆಡಿಟ್ ಕೆಲಸದಲ್ಲಿದ್ದರು. ಯುಸಿ ಸಿಗಲು ಹತ್ತು ದಿನ ಬೇಕಾಯಿತು. ಅಷ್ಟರಲ್ಲಿ ಪಂಚಾಯಿತಿಯ ಪಿಡಿಒ ವರ್ಗವಾಗಿದ್ದರು. ಹೊಸಬರ ಮೇಜಿನ ಮುಂದೆ ಫೈಲ್ ಹಿಡಿದು ನಿಂತೆ. ಅವರು ಫೋಟೊಗಳನ್ನು ಒಂದೊಂದಾಗಿ ನೋಡಿದರು. "ತೋಡೋಕೆ ಮುಂಚೆ ಈ ಕೆರೆ ಹೆಂಗಿತ್ತು ಅಂತ ನಾನು ನೋಡಿಲ್ಲ ಸರ್. ತೃಪ್ತಿಕರ ಅಂತ ಹೆಂಗೆ ಬರೆದುಕೊಡಲಿ?" ಅಂದರು. ಅವರ ಮಾತಲ್ಲಿ ತಪ್ಪೇನಿತ್ತು? ತೃಪ್ತಿಕರ ಅಂದರೆ ಎಷ್ಟು ಅಂತ ನಾನು ಬರೆದೇ ಇರಲಿಲ್ಲ. ಶುರುವಿಗೆ ಮುಂಚೆ ತೆಗೆದ ಲೆವೆಲ್‌ಗಳು, ಅಂದರೆ ಕೆರೆ ಅಂಗಳದ ಎತ್ತರ-ತಗ್ಗಿನ ಅಳತೆಗಳು, ನಮ್ಮ ಆಫೀಸಿನಲ್ಲೇ ಇದ್ದವು. ಅವುಗಳ ಮೇಲೆ ಪಂಚಾಯಿತಿಯ ಸಹಿ ಹಾಕಿಸಿರಲಿಲ್ಲ.

ಅಲ್ಲಿಂದ ಸೀದಾ ಕೆರೆಗೆ ಹೋದೆ. ಹಿಟಾಚಿ ಬಕೆಟ್ ನೆಲಕ್ಕೂರಿ ನಿಂತಿತ್ತು. ಅದರ ನೆರಳಲ್ಲಿ ಆಪರೇಟರ್ ಬುತ್ತಿ ಬಿಚ್ಚಿದ್ದ. ದಡದಲ್ಲಿ ನಾಲ್ಕು ಟ್ರಾಕ್ಟರ್ ಕಾಯುತ್ತಿದ್ದವು. ಗೋಡು ಹೊಲಕ್ಕೆ ಹೊಡೆಯೋ ಖರ್ಚು ರೈತರದ್ದೇ. "ಯಾವಾಗ ಶುರು ಮಾಡ್ತೀರ ಸರ್? ಒಂದು ಮಳೆ ಬಿದ್ರೆ ಗಾಡಿ ಕೆರೆಗೆ ಇಳಿಯಲ್ಲ," ಅಂದರು ಒಬ್ಬ ಹಿರಿಯರು. ಎರಡು ದಿನ ಅಂದೆ. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಮಾರನೇ ದಿನ ಮಷಿನ್ ಮಾಲೀಕರು ಬೇರೆ ಕೆಲಸಕ್ಕೆ ಗಾಡಿ ಕಳಿಸಿದರು. ಮೇ ಎರಡನೇ ವಾರ ಜೋರು ಮಳೆ ಬಂತು. ಕೆರೆ ಅಂಗಳ ಕೆಸರಾಯಿತು, ಅಷ್ಟೇ, ತುಂಬಲಿಲ್ಲ. ಎರಡನೇ ಕಂತು ಬಂದಿದ್ದು ಜೂನ್‌ನಲ್ಲಿ. ಆ ವರ್ಷ ಕೆರೆ ತುಂಬಲೇ ಇಲ್ಲ, ಮೂರನೇ ಕಂತೂ ಬರಲಿಲ್ಲ. ಮಳೆಯನ್ನು ಷರತ್ತು ಮಾಡಿದ್ದು ನನ್ನ ದೊಡ್ಡ ತಪ್ಪು.

ಮುಂದಿನ ವರ್ಷ ಅಷ್ಟೇ ದೊಡ್ಡ ಇನ್ನೊಂದು ಕೆರೆ. ಈ ಸಲ ಮೊದಲು ಲೆಕ್ಕ ಹಾಕಿದೆ. ಮಷಿನ್ ದಿನಕ್ಕೆ ಸುಮಾರು 500 ಘನ ಮೀಟರ್ ತೆಗೆಯುತ್ತದೆ. ಘನ ಮೀಟರ್‌ಗೆ 35 ರೂಪಾಯಿ ಅಂದರೆ ದಿನಕ್ಕೆ 17,500. ಕಾಗದ ತಲುಪಿದ ಮೇಲೆ ಹಣ ಬಿಡೋಕೆ ದಾನಿಗೆ ಎರಡು ವಾರ ಬೇಕು. ಅಂದರೆ ಅರ್ಜಿ ಹಾಕೋ ದಿನ ಕೈಯಲ್ಲಿ ಎರಡೂವರೆ ಲಕ್ಷ ಉಳಿದಿರಬೇಕು. ಹಾಗಾಗಿ ಮೊದಲ ಕಂತು 5 ಲಕ್ಷ ಕೇಳಿದೆ. ಅದರಲ್ಲಿ ಅರ್ಧ ಖರ್ಚಾಗಿ, 5,500 ಘನ ಮೀಟರ್ ತೆಗೆದಿದ್ದರೆ ಎರಡನೇ ಕಂತು 4 ಲಕ್ಷ. ಅಳತೆಗೆ ಆಧಾರ ಶುರುವಿನ ಲೆವೆಲ್ ಶೀಟ್. ಕೆಲಸಕ್ಕೆ ಮುಂಚೆಯೇ ಪಂಚಾಯಿತಿ, ಕೆರೆ ಸಂಘ, ದಾನಿಯ ಎಂಜಿನಿಯರ್ ಮೂವರೂ ಅದಕ್ಕೆ ಸಹಿ ಹಾಕಿರಬೇಕು. ಮಧ್ಯದ ಕಂತಿಗೆ ನಮ್ಮ ಲೆಕ್ಕಿಗರು ಸಹಿ ಮಾಡಿದ ಖರ್ಚಿನ ಪಟ್ಟಿ ಸಾಕು, ಸಿಎ ಯುಸಿ ಕೊನೆಗೆ. ಕಾಗದ ಸರಿಯಿದ್ದರೆ 10 ಕೆಲಸದ ದಿನದೊಳಗೆ ಹಣ, ಕೊರತೆಯಿದ್ದರೆ 3 ದಿನದೊಳಗೆ ಲಿಖಿತ ಉತ್ತರ. ಕೊನೆಯ 1 ಲಕ್ಷಕ್ಕೆ ತೂಬು, ಕೋಡಿ ರಿಪೇರಿ ಮತ್ತು ಅಂತಿಮ ಲೆವೆಲ್. ಕೆರೆಗೆ ಎಷ್ಟು ನೀರು ಬಂತು ಅಂತ ವರದಿ ಕೊಡ್ತೀವಿ, ಅದಕ್ಕೂ ಹಣಕ್ಕೂ ಸಂಬಂಧವಿಲ್ಲ.

ಮೊದಲ ಕಂತು ಅರ್ಧ ಉಳಿದಿರುವಾಗಲೇ ಮುಂದಿನದು ಯಾಕೆ ಅಂತ ದಾನಿಯ ಕಡೆಯ ಮೇಡಂ ಕೇಳಿದರು. ದಿನದ ಲೆಕ್ಕ ತೋರಿಸಿದೆ. ಒಪ್ಪಿದರು. ಹಿಂದಿನ ವರ್ಷ ಆ ಲೆಕ್ಕವನ್ನು ಯಾರೂ ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ.

ಕೆಲಸ ಫೆಬ್ರವರಿ ಕೊನೆಗೆ ಶುರುವಾಯಿತು. ಆರ್ಥಿಕ ವರ್ಷ ಮುಗಿಯೋಕೆ ಮುಂಚೆ ಖರ್ಚು ತೋರಿಸೋ ತುರ್ತು ಕಂಪನಿಗೂ ಇರುತ್ತದೆ, ಅದಕ್ಕೇ ಎರಡನೇ ಅರ್ಜಿ ಮಾರ್ಚ್‌ನಲ್ಲೇ ಬೀಳೋ ಹಾಗೆ ನೋಡಿಕೊಂಡೆ. ಮಾರ್ಚ್ 11ಕ್ಕೆ ಕಾಗದ ಕಳಿಸಿದೆ, 24ಕ್ಕೆ ಹಣ ಬಂತು. ಆ ದಿನ ಖಾತೆಯಲ್ಲಿ ಇನ್ನೂ ಒಂದು ದಿನದ ಮಷಿನ್ ಬಾಡಿಗೆ ಮಿಕ್ಕಿತ್ತು.