ಮೊದಲು ಎಷ್ಟಿತ್ತು ಎಂದು ನೋಡಿದವರು ಯಾರು?

“ಸಾರ್, ಹಳೆಯ ಇದ್ದಿಲಿನಲ್ಲಿ ಈಗ ಎಷ್ಟು ಕಾರ್ಬನ್-14 ಉಳಿದಿದೆ ಎಂದು ಅಳೆಯಬಹುದು, ಒಪ್ಪಿದೆ. ಆದರೆ ಮೂರೂವರೆ ಸಾವಿರ ವರ್ಷದ ಹಿಂದೆ ಅದರಲ್ಲಿ ಎಷ್ಟಿತ್ತು ಎಂದು ಯಾರು ನೋಡಿದ್ದರು? ಅದು ಗೊತ್ತಿಲ್ಲದೆ ವಯಸ್ಸು ಹೇಳುವುದು ಹೇಗೆ?”

ಯಾರೂ ನೋಡಿರಲಿಲ್ಲ. ಮಂಡ್ಯದ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನನಗೆ ಇದು ತುಂಬ ಇಷ್ಟದ ಪ್ರಶ್ನೆ. ಇದನ್ನು ಕೇಳಿದವರು ಪಾಠ ಅರ್ಥವಾಗದೆ ಕೇಳಿದವರಲ್ಲ, ಅರ್ಥವಾಗಿಯೇ ಕೇಳಿದವರು. ಉಳಿದದ್ದನ್ನು ಮೊದಲಿದ್ದುದರಿಂದ ಭಾಗಿಸಬೇಕು. ಭಾಜ್ಯವನ್ನು ಯಂತ್ರ ಅಳೆದು ಕೊಡುತ್ತದೆ. ಕಷ್ಟವೆಲ್ಲ ಇರುವುದು ಭಾಜಕದಲ್ಲಿ.

ವಿಶ್ವಕಿರಣಗಳ ಹೊಡೆತಕ್ಕೆ ಮೇಲಿನ ವಾತಾವರಣದಲ್ಲಿ ನ್ಯೂಟ್ರಾನುಗಳು ಹುಟ್ಟುತ್ತವೆ. ಅವು ನೈಟ್ರೋಜನ್ ಪರಮಾಣುಗಳಿಗೆ ಬಡಿದಾಗ ಕಾರ್ಬನ್-14 ಆಗುತ್ತದೆ, ತಾನಾಗಿಯೇ ನಿಧಾನವಾಗಿ ಕ್ಷಯಿಸುವ ಕಾರ್ಬನ್. ಗಾಳಿಯ ಕಾರ್ಬನ್ನಿನಲ್ಲಿ ಅದರ ಪಾಲು ಲಕ್ಷ ಕೋಟಿಗೆ ಒಂದರಷ್ಟು. ಹೊಲದಲ್ಲಿ ನಿಂತ ರಾಗಿ ಆ ಗಾಳಿಯಿಂದಲೇ ಮೈ ಕಟ್ಟಿಕೊಳ್ಳುತ್ತದೆ. ರಾಗಿ ಹುಲ್ಲನ್ನು ಹಸು ತಿನ್ನುತ್ತದೆ, ಮುದ್ದೆಯನ್ನು ನಾವು ತಿನ್ನುತ್ತೇವೆ. ಉಸಿರಿರುವ ತನಕ ಕ್ಷಯಿಸಿದ್ದಕ್ಕೆ ಬದಲಾಗಿ ಹೊಸದು ಬರುತ್ತಲೇ ಇರುತ್ತದೆ. ಕೊಯ್ಲು ಮುಗಿದ ದಿನ ರಾಗಿಗೆ ಆ ವರಮಾನ ನಿಲ್ಲುತ್ತದೆ. ಅಲ್ಲಿಂದ ಖರ್ಚು ಮಾತ್ರ. ಇದ್ದುದರಲ್ಲಿ ಅರ್ಧ ಕಳೆಯಲು ಬೇಕಾದ ಕಾಲ, ಅಂದರೆ ಅರ್ಧಾಯು, 5730 ವರ್ಷ ಎಂದು ಪುಸ್ತಕದಲ್ಲಿ ಓದುತ್ತೇವೆ. ಅದಕ್ಕಿಂತ ಮನಸ್ಸಿನಲ್ಲಿ ನಿಲ್ಲುವ ಲೆಕ್ಕವೆಂದರೆ, ಸುಮಾರು 83 ವರ್ಷಕ್ಕೆ ನೂರಕ್ಕೆ ಒಂದರಂತೆ ಕಳೆಯುತ್ತದೆ. ಚಕ್ರಬಡ್ಡಿಯನ್ನು ತಿರುಗಿಸಿ ಹಾಕಿದ ಹಾಗೆ, ಪ್ರತಿ ಸಲವೂ ಉಳಿದ ಅಸಲಿನ ಮೇಲೆಯೇ ನೂರಕ್ಕೆ ಒಂದು.

ಕ್ಷಯಿಸಿದ ಕಾರ್ಬನ್ ಮತ್ತೆ ನೈಟ್ರೋಜನ್ ಆಗುತ್ತದೆ. ಕೆಲವು ಬಂಡೆಗಳ ವಯಸ್ಸು ಕಟ್ಟುವವರು ಮೂಲ ಧಾತು, ಅದರಿಂದ ಹುಟ್ಟಿದ ಧಾತು ಎರಡನ್ನೂ ಎಣಿಸಿ ಮೊದಲಿದ್ದುದನ್ನು ಕೂಡಿಸಿಕೊಳ್ಳುತ್ತಾರೆ. ಇಲ್ಲಿ ಆ ದಾರಿ ಇಲ್ಲ. ಹುಟ್ಟಿದ ಚಿಟಿಕೆ ನೈಟ್ರೋಜನ್ನನ್ನು ಸುತ್ತಲಿನ ಗಾಳಿಯ ನೈಟ್ರೋಜನ್ನಿನಿಂದ ಬೇರ್ಪಡಿಸುವುದು ಕೆರೆಗೆ ಸುರಿದ ಚೊಂಬು ನೀರನ್ನು ಹುಡುಕಿದಂತೆ. ಆದ್ದರಿಂದ ಮೊದಲಿದ್ದುದನ್ನು ಹೊರಗಿನಿಂದಲೇ ತರಬೇಕು.

1949ರಲ್ಲಿ ಶಿಕಾಗೋದ ವಿಲ್ಲರ್ಡ್ ಲಿಬ್ಬಿ ಈ ವಿಧಾನವನ್ನು ಮೊದಲು ಲೋಕದ ಮುಂದಿಟ್ಟಾಗ ಒಂದು ಧೈರ್ಯದ ಊಹೆ ಮಾಡಿದ್ದ: ಹಿಂದಿನ ಗಾಳಿಯಲ್ಲಿ ಇದ್ದ ಪಾಲೂ ಇಂದಿನಷ್ಟೇ. ಈಜಿಪ್ಟಿನ ದೊರೆ ಜೋಸರನ ಸಮಾಧಿಯ ಮರದಂಥ, ಇತಿಹಾಸದಿಂದ ವಯಸ್ಸು ಗೊತ್ತಿದ್ದ ವಸ್ತುಗಳ ಮೇಲೆ ಪರೀಕ್ಷಿಸಿದಾಗ ಲೆಕ್ಕ ಸುಮಾರಾಗಿ ಕೂಡಿಬಂತು. 1960ರಲ್ಲಿ ಅವನಿಗೆ ನೊಬೆಲ್ ಬಂತು. ಆದರೆ ಆ “ಸುಮಾರಾಗಿ” ಎನ್ನುವ ಮಾತಿನೊಳಗೆ ನೂರಾರು ವರ್ಷ ಅಡಗಿದ್ದವು.

ಈಗ ಒಂದು ಲೆಕ್ಕ ಮಾಡಿಯೇ ಬಿಡೋಣ. ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಯರ ಸಂಗಮದ ಬಳಿ, ನವಶಿಲಾಯುಗದ ನೆಲೆಯೊಂದಿದೆ. 1960ರ ಆಸುಪಾಸಿನಲ್ಲಿ ಅಲ್ಲಿ ಉತ್ಖನನ ನಡೆಯಿತು. ಅಂಥ ನೆಲೆಯ ಒಲೆಗುಂಡಿಯಲ್ಲಿ ಒಂದು ತುಂಡು ಇದ್ದಿಲು ಸಿಕ್ಕಿತು ಎಂದುಕೊಳ್ಳಿ. ಅಂಕಿಗಳು ನನ್ನವು, ಯಾವ ವರದಿಯವೂ ಅಲ್ಲ. ಪ್ರಯೋಗಾಲಯ ಅಳೆದು, ಲಿಬ್ಬಿಯ ಊಹೆಯ ಪ್ರಕಾರ ಮೊದಲಿದ್ದುದರಲ್ಲಿ 0.65 ಭಾಗ ಉಳಿದಿದೆ ಎಂದಿತು. ಈ ಉಳಿದ ಭಾಗವೇ F. ಸೂತ್ರ ಇಷ್ಟೇ:

```
t = -8033 × ln(F)
  = -8033 × ln(0.65)
  = 3460
```

8033 ಎಲ್ಲಿಂದ ಬಂತು? ಲಿಬ್ಬಿ ಬಳಸಿದ ಅರ್ಧಾಯು 5568 ವರ್ಷ. ಅದರಿಂದ ಹೊರಡುವ ಸರಾಸರಿ ಆಯುಸ್ಸು 8033. ಆ ಅರ್ಧಾಯು ನಿಜವಾದ 5730ಕ್ಕಿಂತ ಸ್ವಲ್ಪ ಕಡಿಮೆ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹಳೆಯ ಲೆಕ್ಕದಲ್ಲಿ ರಾಶಿ ರಾಶಿ ವಯಸ್ಸುಗಳು ಅಚ್ಚಾಗಿದ್ದವು. ಎಲ್ಲರೂ ಒಂದೇ ತಪ್ಪನ್ನು ಒಟ್ಟಾಗಿ ಮಾಡೋಣ, ಕೊನೆಯಲ್ಲಿ ಒಮ್ಮೆಗೇ ತಿದ್ದೋಣ ಎಂದು ವಿಜ್ಞಾನಿಗಳು ಒಪ್ಪಿಕೊಂಡರು. ನನಗೆ ಇದು ವಿಚಿತ್ರವಾಗಿಯೂ ಸರಿಯಾಗಿಯೂ ಕಾಣುತ್ತದೆ. ಅಳತೆಯಲ್ಲಿ ನೂರಕ್ಕೆ ಅರ್ಧದಷ್ಟು ಅನಿಶ್ಚಿತತೆ ಇದ್ದರೆ ಉತ್ತರದಲ್ಲಿ 40 ವರ್ಷದ ಅನಿಶ್ಚಿತತೆ. ವರದಿಯಲ್ಲಿ 3460 ± 40 ಬಿ.ಪಿ. ಎಂದು ಬರೆಯುತ್ತಾರೆ.

ಶಾಲೆಯೊಂದರ ಉಪನ್ಯಾಸದಲ್ಲಿ ನಾನು ಇದನ್ನು ಬೋರ್ಡಿನ ಮೇಲೆ ಬರೆದಾಗ, ಬಿ.ಪಿ. ಎಂದರೆ ರಕ್ತದೊತ್ತಡವೇ ಎಂದು ಹುಡುಗಿಯೊಬ್ಬಳು ಕೇಳಿದಳು. ಎಲ್ಲರೂ ನಕ್ಕರು. ಅದಕ್ಕಿಂತ ನಗಬೇಕಾದ ತಪ್ಪನ್ನು ಮಾಡಿದವನು ನಾನು. ಆ ವರ್ಷದ ಇಸವಿಯಿಂದ 3460 ಕಳೆದು, ಇಗೋ ಇಂಥ ವರ್ಷ ಒಲೆ ಉರಿಯಿತು ಎಂದು ಹೇಳಿ ಕೆಳಗಿಳಿದೆ. ಎರಡು ಕಡೆ ಎಡವಿದ್ದೆ. ಮೊದಲನೆಯದಾಗಿ, ಬಿ.ಪಿ. ಎಂದರೆ “ಬಿಫೋರ್ ಪ್ರೆಸೆಂಟ್”, ಇಂದಿಗಿಂತ ಇಷ್ಟು ವರ್ಷ ಹಿಂದೆ, ಆದರೆ ಈ ಎಣಿಕೆಯ “ಇಂದು” ಎಂದರೆ ಯಾವಾಗಲೂ 1950. ಎರಡನೆಯದಾಗಿ, 3460 ಎಂಬುದು ಇನ್ನೂ ನಿಜವಾದ ವರ್ಷಗಳ ಲೆಕ್ಕವೇ ಅಲ್ಲ. ಗಾಳಿಯಲ್ಲಿ ಕಾರ್ಬನ್-14ರ ಪಾಲು ಎಂದೂ ಬದಲಾಗದಿದ್ದರೆ, ಅರ್ಧಾಯು 5568 ಆಗಿದ್ದರೆ ಬರಬಹುದಾಗಿದ್ದ ವಯಸ್ಸು ಅದು.

ಹಾಗಾದರೆ ಹಳೆಯ ಗಾಳಿಯನ್ನು ಕೂಡಿಟ್ಟವರು ಯಾರು? ಮರಗಳು. ಚಳಿಗಾಲವಿರುವ ನಾಡುಗಳಲ್ಲಿ ಮರ ವರ್ಷಕ್ಕೊಂದು ಉಂಗುರ ಹಾಕುತ್ತದೆ. ಆ ಉಂಗುರದ ಕಾರ್ಬನ್ ಆ ವರ್ಷದ ಗಾಳಿಯದು. ಕ್ಯಾಲಿಫೋರ್ನಿಯಾದ ಬೆಟ್ಟಗಳ ಪೈನ್ ಮರಗಳು ಸಾವಿರಾರು ವರ್ಷ ಬದುಕುತ್ತವೆ. ಯೂರೋಪಿನ ನದಿಗಳ ಕೆಸರಿನಲ್ಲಿ ಹೂತ ಓಕ್ ದಿಮ್ಮಿಗಳೂ ಇವೆ. ಬರದ ವರ್ಷದ ಸಣ್ಣ ಉಂಗುರ, ಮಳೆಯ ವರ್ಷದ ದಪ್ಪ ಉಂಗುರ, ಈ ಕ್ರಮವನ್ನು ಒಂದು ಮರದಿಂದ ಇನ್ನೊಂದಕ್ಕೆ ಹೊಂದಿಸುತ್ತ ಹಿಂದೆ ಹೋದರೆ, ಪ್ರತಿ ಉಂಗುರದ ಇಸವಿಯನ್ನು ಎಣಿಸಿಯೇ ಹೇಳಬಹುದು. ಆ ಉಂಗುರದಲ್ಲಿ ಈಗ ಉಳಿದ ಪಾಲನ್ನು ಅಳೆದರೆ ಕ್ಷಯದ ಲೆಕ್ಕ ಹಿಂದಕ್ಕೆ ಮಾಡಿ ಅಂದಿನ ಗಾಳಿಯಲ್ಲಿ ಎಷ್ಟಿತ್ತು ಎಂಬುದು ಹೊರಬರುತ್ತದೆ. ಹೀಗೆ ಕಟ್ಟಿದ ತಿದ್ದುಪಡಿ ರೇಖೆಯ 2020ರ ಆವೃತ್ತಿ, ಇಂಟ್‌ಕ್ಯಾಲ್20, ಕೆರೆಯ ಕೆಸರಿನ ಪದರ, ಗುಹೆಯ ಸುಣ್ಣದ ಕಂಬಗಳ ನೆರವನ್ನೂ ಪಡೆದು 55,000 ವರ್ಷದ ತನಕ ಹೋಗುತ್ತದೆ. ನಮ್ಮ 3460 ಅನ್ನು ಅದಕ್ಕೆ ಹಿಡಿದರೆ, ಇದ್ದಿಲು ಸ್ಥೂಲವಾಗಿ ಕ್ರಿ.ಪೂ. 1900ರಿಂದ 1650ರ ನಡುವಿನದು. ನನ್ನ ಬೋರ್ಡಿನ ಲೆಕ್ಕ ಆ ಇಡೀ ವ್ಯಾಪ್ತಿಯಿಂದಲೇ ಹೊರಗೆ, ಕ್ರಿ.ಪೂ. 1450ರ ಹತ್ತಿರ ಬಿದ್ದಿತ್ತು.

ಭಾಜಕಕ್ಕೆ ಇನ್ನೊಂದು ತೊಡಕಿದೆ. ಇಂದಿನ ಗಾಳಿಯನ್ನು ಅಳತೆಗೋಲಾಗಿ ಇಡುವಂತಿಲ್ಲ. ಕಲ್ಲಿದ್ದಲಿನ ಹೊಗೆ ಗಾಳಿಗೆ ಸತ್ತ ಕಾರ್ಬನ್, ಅಂದರೆ ಕಾರ್ಬನ್-14 ಎಲ್ಲ ಕ್ಷಯಿಸಿಹೋದ ಕಾರ್ಬನ್, ತುಂಬಿತು. ಆಮೇಲೆ ಅಣುಬಾಂಬ್ ಪರೀಕ್ಷೆಗಳಿಂದ 1963ರ ವೇಳೆಗೆ ಉತ್ತರ ಗೋಳಾರ್ಧದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಆದ್ದರಿಂದ ಒಂದು ಮಾದರಿ ವಸ್ತುವನ್ನು ಮಾಡಿಟ್ಟುಕೊಂಡರು: ಆಕ್ಸಾಲಿಕ್ ಆಮ್ಲ. ಅದನ್ನು ತಯಾರಿಸಿದ್ದು 1955ರ ಸಕ್ಕರೆ ಬೀಟ್ ಬೆಳೆಯಿಂದ. ಅದರ ವಿಕಿರಣದಲ್ಲಿ ನೂರಕ್ಕೆ 95 ಪಾಲನ್ನು ಹೊಗೆ, ಬಾಂಬುಗಳಿಲ್ಲದ 1950ರ ಮಟ್ಟ ಎಂದು ಒಪ್ಪಲಾಗಿದೆ. ಸಕ್ಕರೆಯ ಊರಿನವನಾದ ನನಗೆ ಇಲ್ಲಿ ಸಣ್ಣ ಅಸೂಯೆ. ಜಗತ್ತಿನ ಹಳೆಯ ವಸ್ತುಗಳ ವಯಸ್ಸಿಗೆ ಸಕ್ಕರೆ ಬೆಳೆಯೊಂದು ಆಧಾರವಾಯಿತು, ಆದರೆ ಅದು ಕಬ್ಬಲ್ಲ.

ಕಬ್ಬಾಗಿದ್ದರೆ ಲೆಕ್ಕಕ್ಕೆ ಇನ್ನಷ್ಟು ತಿದ್ದುಪಡಿ ಬೇಕಾಗುತ್ತಿತ್ತು. ಕಬ್ಬು, ರಾಗಿ, ಜೋಳ ಗಾಳಿಯ ಕಾರ್ಬನ್ನನ್ನು ಹಿಡಿಯುವ ರೀತಿಯೇ ಬೇರೆ. ಭತ್ತ ಭಾರವಾದ ಕಾರ್ಬನ್ನನ್ನು ಹೆಚ್ಚಾಗಿ ಹೊರಗೆ ಬಿಡುತ್ತದೆ, ರಾಗಿ ಅಷ್ಟೊಂದು ಬಿಡುವುದಿಲ್ಲ. ಒಂದೇ ದಿನ ಕೊಯ್ದ ಭತ್ತವನ್ನೂ ರಾಗಿಯನ್ನೂ ಹಾಗೆಯೇ ಅಳೆದರೆ ರಾಗಿ ಸುಮಾರು 200 ವರ್ಷ ಎಳೆಯದಾಗಿ ಕಾಣುತ್ತದೆ. ಇದನ್ನು ಕಂಡುಹಿಡಿಯಲು ಕ್ಷಯಿಸದ ಕಾರ್ಬನ್-13 ನೆರವಿಗೆ ಬರುತ್ತದೆ. ಅದರ ಪಾಲಿನ ವ್ಯತ್ಯಾಸ ಎಷ್ಟೋ, ಕಾರ್ಬನ್-14ರಲ್ಲಿ ಸುಮಾರು ಅದರ ಎರಡರಷ್ಟು. ಅದನ್ನೂ ಅಳೆದು ತಿದ್ದಿದ ಮೇಲೆಯೇ ಮೇಲಿನ 0.65 ಎಂಬ ಅಂಕಿ ಸಿಗುವುದು.

ಇಷ್ಟಾದರೂ ನಾನಾದರೆ ಇದ್ದಿಲಿಗಿಂತ ಸುಟ್ಟ ರಾಗಿಕಾಳನ್ನೇ ಆರಿಸುತ್ತೇನೆ. ಮರದ ಚೇಗು ಬದುಕಿರುವ ಮರದೊಳಗೇ ಇರುತ್ತದೆ, ಆದರೆ ಅಲ್ಲಿಗೆ ಹೊಸ ಕಾರ್ಬನ್ ಬರುವುದು ಎಂದೋ ನಿಂತಿರುತ್ತದೆ. ಇನ್ನೂರು ವರ್ಷದ ಮರ ಕಡಿದು ಅದರ ನಡುವಿನ ಸೌದೆ ಉರಿಸಿದರೆ, ಇದ್ದಿಲು ಒಲೆಗಿಂತ ಇನ್ನೂರು ವರ್ಷ ಹಳೆಯದು. ಯಂತ್ರ ಸುಳ್ಳು ಹೇಳಿಲ್ಲ, ನಾವು ಕೇಳಿದ್ದು ಒಲೆಯ ವಯಸ್ಸು, ಅದು ಹೇಳಿದ್ದು ಉಂಗುರದ ವಯಸ್ಸು. ಕಾಳಿನ ಬದುಕು ಒಂದೇ ಹಂಗಾಮು. ಮೊದಲು ಗ್ರಾಂಗಟ್ಟಲೆ ಕಾರ್ಬನ್ ಬೇಕಿತ್ತು. ಈಗ ವೇಗೋತ್ಕರ್ಷಕ ಯಂತ್ರಗಳು ಪರಮಾಣುಗಳನ್ನೇ ಎಣಿಸುವುದರಿಂದ ಒಂದು ಮಿಲಿಗ್ರಾಂ ಕಾರ್ಬನ್ ಸಾಕು, ಕಾಳಿನಲ್ಲೇ ಕೆಲಸ ಮುಗಿಯಬಹುದು.

ಮಣ್ಣಿನ ಕೊಳೆಯ ಮಾತನ್ನೂ ಕೇಳುತ್ತಾರೆ. ಹೊಸ ಬೇರುಗಳು, ಮಣ್ಣಿನಲ್ಲಿ ಇಳಿದ ಕೊಳೆತ ಎಲೆಯ ರಸ ಇದ್ದಿಲಿಗೆ ಹತ್ತಿಕೊಂಡಿರುತ್ತವೆ. ಆಮ್ಲ, ಕ್ಷಾರ, ಮತ್ತೆ ಆಮ್ಲ, ಹೀಗೆ ಮೂರು ಸಲ ತೊಳೆಯುತ್ತಾರೆ. ನೂರಕ್ಕೆ ಒಂದು ಪಾಲು ಹೊಸ ಕಾರ್ಬನ್ ಉಳಿದುಬಿಟ್ಟರೆ ನಮ್ಮ ಇದ್ದಿಲು 40 ವರ್ಷದಷ್ಟು ಎಳೆಯದಾದೀತು, ಅಷ್ಟೇ. ಆದರೆ 40,000 ವರ್ಷದ ಮೂಳೆಯಲ್ಲಿ ಅಷ್ಟೇ ಕೊಳೆ ಉಳಿದರೆ ವಯಸ್ಸು 33,000ಕ್ಕೆ ಇಳಿಯುತ್ತದೆ, ಏಕೆಂದರೆ ಅಲ್ಲಿ ಮೂಲದ ಕಾರ್ಬನ್-14 ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಉಳಿದಿರುತ್ತದೆ. ಐವತ್ತು ಸಾವಿರದ ಆಚೆಗೆ ಈ ವಿಧಾನ ಕೈಚೆಲ್ಲುವುದು ಇದರಿಂದಲೇ.

ಹತ್ತಿರದ ಕಾಲದಲ್ಲೂ ಕೈಚೆಲ್ಲುತ್ತದೆ ಎಂದರೆ ಜನ ನಂಬುವುದಿಲ್ಲ. ಶ್ರೀರಂಗಪಟ್ಟಣದ ಕಡೆಯ ಒಬ್ಬರು ತಮ್ಮ ಮನೆಯ ತೊಲೆ ಟಿಪ್ಪುವಿನ ಕಾಲದ್ದೇ ಎಂದು ತಿಳಿಯಬೇಕು, ಎಲ್ಲಿಗೆ ಕಳುಹಿಸಲಿ ಎಂದು ಕೇಳಿದರು. 1650ರಿಂದ ಈಚೆಗೆ ತಿದ್ದುಪಡಿ ರೇಖೆ ಇಳಿಯುವ ಬದಲು ಏರುತ್ತ ಇಳಿಯುತ್ತ ಓಡುತ್ತದೆ. ಸೂರ್ಯನ ಚಟುವಟಿಕೆಯ ಏರಿಳಿತ ಒಂದು ಕಡೆ, ಕಲ್ಲಿದ್ದಲ ಹೊಗೆ ಇನ್ನೊಂದು ಕಡೆ. ಅವರ ತೊಲೆಗೆ 200 ಬಿ.ಪಿ. ಎಂದು ಬಂತೆನ್ನಿ. ಅದು ಚಿಕ್ಕದೇವರಾಜ ಒಡೆಯರ ಕಾಲಕ್ಕೂ ಹೊಂದುತ್ತದೆ, ಟಿಪ್ಪುವಿನ ಕಾಲಕ್ಕೂ ಹೊಂದುತ್ತದೆ, ನಾಲ್ವಡಿಯವರ ಆಳ್ವಿಕೆಯ ಕೊನೆಯ ವರ್ಷಗಳಿಗೂ ಹೊಂದುತ್ತದೆ. ತೊಲೆಯನ್ನು ಕೊರೆಯಬೇಡಿ, ಮನೆಯ ಹಳೆಯ ಕ್ರಯಪತ್ರ ಎಲ್ಲಿದೆ ಹುಡುಕಿ ಎಂದೆ. ಪತ್ರ ಸಿಕ್ಕಿತು. ಅವರು ನನಗೆ ಇಸವಿ ಹೇಳಲಿಲ್ಲ, ನಾನೂ ಕೇಳಲಿಲ್ಲ.