ಡೋಸ್ ಕಮ್ಮಿ ಆಗಿಲ್ಲ, ಹೊತ್ತು ಆಗಿಲ್ಲ

“ಡಾಕ್ಟ್ರೇ, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಆಯ್ತು, ಇನ್ನೂ ಉಬ್ಬಸ ಇಳಿದಿಲ್ವಲ್ಲ? ಇನ್ನೊಂದು ಕೊಡ್ಬಾರ್ದಾ?”

ಕೊಡಬಾರದು. ಕೊಟ್ಟರೂ ಬೇಗ ಇಳಿಯುವುದಿಲ್ಲ. ಮದ್ದು ಜೀವಕೋಶದೊಳಗೆ ಆಗಲೇ ಹೋಗಿದೆ. ಅಲ್ಲಿ ಅದು ಮಾಡಿಸಬೇಕಾದ ಕೆಲಸಕ್ಕೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ನನ್ನ ಮೇಲೆ ರೇಗಿದರೂ ಅಷ್ಟೇ ಹೊತ್ತು.

ಒಂದು ರಾತ್ರಿ ಕ್ಯಾಶುವಾಲ್ಟಿಗೆ ಒಬ್ಬ ಹುಡುಗ ತನ್ನ ಅಮ್ಮನನ್ನು ಕರೆತಂದಿದ್ದ. ಹತ್ತು ಗಂಟೆಗೆ ನೆಬ್ಯುಲೈಸರ್‌ನಲ್ಲಿ ಸಾಲ್ಬುಟಮಾಲ್ ಹಾಕಿ, 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ರಕ್ತನಾಳಕ್ಕೆ ಕೊಟ್ಟೆವು. ಹತ್ತೂವರೆಗೆ ಅವನು ಖಾಲಿ ವಯಲ್ ಹಿಡಿದು ಬಂದ. “ಮಾಸ್ಕ್ ಹಾಕಿದ ಹತ್ತು ನಿಮಿಷಕ್ಕೆ ಅಮ್ಮಂಗೆ ಸ್ವಲ್ಪ ಉಸಿರು ಸಿಕ್ತು. ಇದೇನೂ ಮಾಡ್ಲಿಲ್ಲ. ಡೂಪ್ಲಿಕೇಟ್ ಮಾಲಾ ಸಾರ್ ಇದು?” ನನಗೆ ಸಿಟ್ಟು ಬಂತು. ಆದರೆ ಅವನು ಹೋಲಿಸಿದ ಎರಡು ಮದ್ದುಗಳಲ್ಲೇ ಉತ್ತರ ಇದೆ.

ಸಾಲ್ಬುಟಮಾಲ್ ಶ್ವಾಸನಾಳದ ಸ್ನಾಯುಕೋಶದ ಹೊರಮೈಯಲ್ಲಿ ಸಂದೇಶ ಹಿಡಿಯಲು ಇರುವ ರಿಸೆಪ್ಟರ್‌ಗೆ ಅಂಟುತ್ತದೆ. ಸ್ನಾಯು ಸಡಿಲವಾಗಲು ಬೇಕಾದ ಪ್ರೋಟೀನುಗಳೆಲ್ಲ ಒಳಗೆ ಸಿದ್ಧವಾಗಿಯೇ ಇರುತ್ತವೆ. ಹೊಸದಾಗಿ ಏನನ್ನೂ ತಯಾರಿಸಬೇಕಿಲ್ಲ. ಅದಕ್ಕೇ ನಿಮಿಷಗಳಲ್ಲಿ ಉಸಿರು ಸಿಗುತ್ತದೆ.

ಹೈಡ್ರೋಕಾರ್ಟಿಸೋನ್ ಅಂದರೆ ಕಾರ್ಟಿಸಾಲೇ, ನಮ್ಮ ಅಡ್ರಿನಲ್ ಗ್ರಂಥಿ ದಿನಾ ಸುರಿಸುವ ಅದೇ ಹಾರ್ಮೋನು. ಅದು ಕೊಬ್ಬಿನಲ್ಲಿ ಕರಗುತ್ತದೆ, ಕೋಶದ ಪೊರೆಯೂ ಹೆಚ್ಚಾಗಿ ಕೊಬ್ಬೇ. ಹಾಗಾಗಿ ರಕ್ತದ ಪ್ರೋಟೀನುಗಳಿಗೆ ಅಂಟಿಕೊಳ್ಳದೆ ಉಳಿದ ಕಾರ್ಟಿಸಾಲ್ ನೇರ ಒಳಗೆ ನುಸುಳುತ್ತದೆ. ಅದರ ರಿಸೆಪ್ಟರ್ ಪೊರೆಯ ಮೇಲಲ್ಲ, ಒಳಗಿನ ಸೈಟೋಪ್ಲಾಸಂನಲ್ಲಿ ಕಾದಿರುತ್ತದೆ. Hsp90 ಎಂಬ ಪ್ರೋಟೀನು ಕೆಲವು ಸಹಾಯಕರ ಜೊತೆ ಸೇರಿ ಅದನ್ನು ಹಾರ್ಮೋನು ಹಿಡಿಯಲು ತಕ್ಕ ಆಕಾರದಲ್ಲಿ ಇಟ್ಟಿರುತ್ತದೆ. ಕಾರ್ಟಿಸಾಲ್ ಬಂದು ಕೂತೊಡನೆ ರಿಸೆಪ್ಟರ್‌ನ ಆಕಾರ ಬದಲಾಗುತ್ತದೆ, ಅದು ನ್ಯೂಕ್ಲಿಯಸ್‌ಗೆ ಹೊರಡುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಆ ಹುಡುಗ ವಯಲ್ ತೋರಿಸುತ್ತಾ ನಿಂತಿದ್ದಾಗ ಅವನ ಅಮ್ಮನ ಕೋಶಗಳಲ್ಲಿ ರಿಸೆಪ್ಟರ್‌ಗಳು ಡಿಎನ್ಎ ಹಿಡಿಯುತ್ತಿದ್ದವು.

ತಡವಾಗುವುದು ಇದರ ಮುಂದೆ. ರಿಸೆಪ್ಟರ್‌ಗಳು ತಮಗೆ ಹೊಂದುವ ಡಿಎನ್ಎ ತಾಣಗಳಲ್ಲಿ ಕೂತು, ಸುತ್ತಿಕೊಂಡಿರುವ ಡಿಎನ್ಎಯನ್ನು ಸಡಿಲಿಸುವ ಪ್ರೋಟೀನುಗಳನ್ನು ಕರೆಯುತ್ತವೆ. ಜೀನಿನಿಂದ ಆರ್‌ಎನ್‌ಎ ಪ್ರತಿಯಾಗಬೇಕು, ಅದು ಕತ್ತರಿಸಿ ಜೋಡಣೆಯಾಗಬೇಕು, ನ್ಯೂಕ್ಲಿಯಸ್‌ನಿಂದ ಹೊರಬರಬೇಕು, ರೈಬೋಸೋಮ್ ಅದನ್ನು ಓದಿ ಪ್ರೋಟೀನು ಕಟ್ಟಬೇಕು. ಒಂದೆರಡು ಅಣು ಆದರೆ ಸಾಲದು, ಪರಿಣಾಮ ಕಾಣುವಷ್ಟು ಶೇಖರವಾಗಬೇಕು. ಹೀಗೆ ತಯಾರಾಗುವುದರಲ್ಲಿ DUSP1 ಒಂದು. ಉರಿಯೂತದ ಸಂದೇಶ ಸಾಗಿಸುವ ಕಿಣ್ವಗಳನ್ನು ಅದು ಆಫ್ ಮಾಡುತ್ತದೆ. ಸಾಲ್ಬುಟಮಾಲ್ ಅಂಟುವ ರಿಸೆಪ್ಟರ್ ಕೂಡ ಹೆಚ್ಚು ತಯಾರಾಗುತ್ತದೆ.

ಇನ್ನೊಂದು ಕಡೆ, ಅದೇ ರಿಸೆಪ್ಟರ್ NF-κB ಎಂಬ ಪ್ರೋಟೀನನ್ನು ತಡೆದು ಉರಿಯೂತದ ಜೀನುಗಳ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿಸಿದ್ದು ಹೊಸ ತಯಾರಿಕೆಗೆ ಮಾತ್ರ. ಆಗಲೇ ತಯಾರಾಗಿ ಹೊರಬಿದ್ದ, ಉರಿಯೂತದ ಸಂದೇಶ ಒಯ್ಯುವ ಸೈಟೋಕೈನ್‌ಗಳು, ಶ್ವಾಸನಾಳದ ಗೋಡೆಯಲ್ಲಿ ಸೇರಿಕೊಂಡ ಬಿಳಿ ರಕ್ತಕಣಗಳಾದ ಇಯೊಸಿನೊಫಿಲ್‌ಗಳು, ಬಾವು, ಕಫ ಎಲ್ಲ ತಾವಾಗಿ ಕರಗಿ ಹೋಗಬೇಕು.

ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸಬಹುದು. ಆರ್‌ಎನ್‌ಎ ತಯಾರಿಕೆಯನ್ನು ನಿಲ್ಲಿಸುವ ಆಕ್ಟಿನೊಮೈಸಿನ್ ಡಿ ಹಾಕಿದರೆ, ಕಾರ್ಟಿಸಾಲ್ ಒಳಗೆ ಹೋಗಿ ರಿಸೆಪ್ಟರ್ ಹಿಡಿದರೂ ಈ ಹೊಸ ಪ್ರೋಟೀನುಗಳು ಹುಟ್ಟುವುದಿಲ್ಲ.

ನನ್ನನ್ನು ಯಾರಾದರೂ “ಮಾತ್ರೆ ಸಾಕಾಗ್ತಿತ್ತಾ?” ಅಂತ ಕೇಳಲಿ ಎಂದು ಆಸೆ. ಯಾರೂ ಕೇಳುವುದಿಲ್ಲ, ಇಂಜೆಕ್ಷನ್ನೇ ಬೇಕು ಅನ್ನುತ್ತಾರೆ. ವಾಂತಿ ಇಲ್ಲದೆ, ನುಂಗಲು ಆಗುವಂತಿದ್ದರೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಹೊತ್ತು ತಿನ್ನುವುದು ಜೀನಿನಿಂದ ಪ್ರೋಟೀನಿನವರೆಗಿನ ದಾರಿ. ಸೂಜಿಯಿಂದ ಉಳಿಯುವ ನಿಮಿಷಗಳು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಉಳಿಸಬೇಕಾದ ಹೊತ್ತು ಇರುವುದು ಮೊದಲ ಡೋಸಿನಲ್ಲಿ. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಕೊಟ್ಟರೆ ಅಡ್ಮಿಟ್ ಆಗಬೇಕಾದವರ ಸಂಖ್ಯೆ ಕಡಿಮೆಯಾಗುತ್ತದೆ. ಮಧ್ಯಾಹ್ನದಿಂದ ಉಬ್ಬಸ ಇದ್ದು ರಾತ್ರಿ ಹತ್ತಕ್ಕೆ ಬಂದು, ಹತ್ತೂವರೆಗೆ ನನ್ನ ಮೇಲೆ ಕೂಗಿದರೆ ನಾನೇನು ಮಾಡಲಿ?

ಆ ರಾತ್ರಿಯದೇ ಲೆಕ್ಕ ಹಾಕಿ. ರಕ್ತದಲ್ಲಿ ಕಾರ್ಟಿಸಾಲ್ ಸುಮಾರು ಒಂದೂವರೆ ಗಂಟೆಗೊಮ್ಮೆ ಅರ್ಧವಾಗುತ್ತದೆ. ಹತ್ತಕ್ಕೆ ಕೊಟ್ಟದ್ದು ಹನ್ನೊಂದೂವರೆಗೆ ಅರ್ಧ, ಒಂದಕ್ಕೆ ಕಾಲು, ಎರಡೂವರೆಗೆ ಅರೆಕಾಲು. ಆ ತಾಯಿಯ ಉಸಿರು ನಿರಾಳವಾಗತೊಡಗಿದ್ದು ಆ ಎರಡೂವರೆಯ ಸುಮಾರಿಗೇ, ಮದ್ದಿನ ಬಹುಪಾಲು ರಕ್ತದಿಂದ ಹೋದ ಮೇಲೆ. ಕೆಲಸ ಮಾಡುತ್ತಿದ್ದದ್ದು ಅವರ ಕೋಶಗಳೇ ಕಟ್ಟಿಕೊಂಡ ಪ್ರೋಟೀನುಗಳು.

ಅವೂ ಶಾಶ್ವತವಲ್ಲ, ಕೋಶ ಅವನ್ನು ಒಡೆಯುತ್ತಲೇ ಇರುತ್ತದೆ. ಮನೆಗೆ ಕಳಿಸುವಾಗ ಐದರಿಂದ ಏಳು ದಿನದ ಮಾತ್ರೆ ಬರೆದುಕೊಡುವುದು ಅದಕ್ಕೇ. ಎರಡನೇ ದಿನ ಆರಾಮಾಯ್ತು ಅಂತ ನಿಲ್ಲಿಸಿದರೆ, ಶ್ವಾಸನಾಳದ ಉರಿ ಪೂರ್ತಿ ಇಳಿಯುವ ಮೊದಲೇ ಆ ಪ್ರೋಟೀನುಗಳು ಕರಗಿ, NF-κB ಮತ್ತೆ ಕೆಲಸಕ್ಕೆ ಇಳಿಯುತ್ತದೆ.